ಹುಳುಕಡ್ಡಿಯೋ ಇಸಬೋ? ಅಂಚು ನೋಡಿ ಹೇಳಿ

ಸೊಂಟದ ಬದಿಯಲ್ಲೋ ಮುಂಗೈ ಮೇಲೋ ಎದ್ದ ದುಂಡನೆಯ ಕಲೆಯ ಒಂದು ಫೋಟೊ, ಅದರ ಕೆಳಗೆ ‘ಇದು ಹುಳುಕಡ್ಡಿಯೋ, ಇಸಬೋ?’ ಎಂಬ ಒಂದು ಸಾಲು. ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವ ಹೊತ್ತಿಗೆ ಮನೆಯಲ್ಲೇ ಒಂದು ಉತ್ತರ ಸಿದ್ಧವಾಗಿರುತ್ತದೆ: ದುಂಡಗಿದ್ದರೆ ಹುಳುಕಡ್ಡಿ, ಇಲ್ಲದಿದ್ದರೆ ಇಸಬು. ಮೆಡಿಕಲ್ ಶಾಪಿನ ಕೌಂಟರಿನ ಆಚೆ ನಿಂತವರೂ ಹಲವು ಸಲ ಇದೇ ಲೆಕ್ಕದ ಮೇಲೆ ಒಂದು ಟ್ಯೂಬ್ ತೆಗೆದು ಕೊಡುತ್ತಾರೆ. ಈ ಲೆಕ್ಕ ಅರ್ಧ ಸರಿ, ಅರ್ಧ ತಪ್ಪು. ತಪ್ಪಾದ ಅರ್ಧವೇ ಜನರನ್ನು ತಿಂಗಳುಗಟ್ಟಲೆ ತುರಿಸಿಕೊಳ್ಳುವಂತೆ ಮಾಡುವುದು. ನನ್ನ ವಾದ ಇಷ್ಟು: ಕಲೆ ದುಂಡಗಿದೆ ಎಂಬುದು ದುರ್ಬಲ ಸಾಕ್ಷ್ಯ, ಅದರ ಅಂಚು ಹೇಗಿದೆ ಎಂಬುದು ಬಲವಾದ ಸಾಕ್ಷ್ಯ. ಆದರೆ ಆ ಅಂಚನ್ನೇ ಎಲ್ಲಕ್ಕಿಂತ ಮೊದಲು ಅಳಿಸಿಹಾಕುವ ಮುಲಾಮು ನಮ್ಮ ಎಷ್ಟೋ ಮನೆಗಳಲ್ಲಿದೆ. ಹಾಗಾಗಿ ಫೋಟೊದಲ್ಲಿ ಏನು ಕಾಣುತ್ತದೆ ಎಂದು ನೋಡುವ ಮುಂಚೆ, ಆ ಜಾಗಕ್ಕೆ ಈವರೆಗೆ ಏನು ಹಚ್ಚಿದ್ದಾರೆ ಎಂದು ಕೇಳಲೇಬೇಕು.

ಅಂಚಿಗೆ ಇಷ್ಟು ಬೆಲೆ ಯಾಕೆ ಎಂಬುದು ರೋಗ ಬೆಳೆಯುವ ರೀತಿಯಲ್ಲೇ ಇದೆ. ಹುಳುಕಡ್ಡಿಗೆ ಕಾರಣ ಡರ್ಮಟೊಫೈಟ್ ಎಂಬ ಗುಂಪಿನ ಫಂಗಸ್. ಇದರ ಆಹಾರ ಕೆರಟಿನ್, ಅಂದರೆ ಚರ್ಮದ ತೀರಾ ಮೇಲಿನ ಸತ್ತ ಪದರ, ಕೂದಲು ಮತ್ತು ಉಗುರುಗಳಲ್ಲಿರುವ ಗಟ್ಟಿ ಪ್ರೋಟೀನು. ಆರೋಗ್ಯವಂತರಲ್ಲಿ ಅದು ಕೆಳಗಿನ ಜೀವಂತ ಪದರಕ್ಕೆ ಸಾಮಾನ್ಯವಾಗಿ ಇಳಿಯುವುದಿಲ್ಲ. ಒಂದು ಚುಕ್ಕೆಯಾಗಿ ನೆಲೆಯೂರಿ, ಆ ತೆಳು ಪದರದೊಳಗೇ ಎಲ್ಲ ದಿಕ್ಕಿಗೂ ಎಳೆಗಳನ್ನು ಚಾಚುತ್ತ ಹೋಗುತ್ತದೆ. ದೇಹ ಸುಮ್ಮನಿರುವುದಿಲ್ಲ, ಫಂಗಸ್ ಹೊಸದಾಗಿ ತಲುಪಿದ ಕಡೆ ಉರಿಯೂತ ಎಬ್ಬಿಸುತ್ತದೆ, ಅಲ್ಲಿನ ಚರ್ಮದ ಕೋಶಗಳನ್ನು ಬೇಗ ಬೇಗ ಹುಟ್ಟಿಸಿ ಮೇಲ್ಪದರವನ್ನು ಉದುರಿಸುತ್ತದೆ. ಪದರದ ಜೊತೆ ಫಂಗಸ್ಸೂ ಉದುರಿಹೋಗುವುದರಿಂದ ನಡುಭಾಗ ಕ್ರಮೇಣ ತಣ್ಣಗಾಗುತ್ತದೆ. ಕೊಯ್ಲಾದ ಗದ್ದೆಯ ಕೂಳೆಗೆ ಬೆಂಕಿ ಹಚ್ಚಿದಾಗ ಉರಿ ಸುತ್ತಲಿನ ಗೆರೆಯಲ್ಲಿ ಮುಂದೆ ಸರಿಯುತ್ತ, ನಡುವೆ ಬರೀ ಬೂದಿ ಉಳಿಯುವ ಹಾಗೆ. ಉಂಗುರ ಕಾಣುವುದು ಇದರಿಂದ. ಅಂದರೆ ಉಂಗುರ ಎಂಬುದು ರೋಗದ ಇತಿಹಾಸ, ಅಂಚು ಅದರ ವರ್ತಮಾನ. ಇವತ್ತು ಫಂಗಸ್ ಜೀವಂತವಾಗಿ ಕೆಲಸ ಮಾಡುತ್ತಿರುವುದು ಆ ಒಂದೆರಡು ಮಿಲಿಮೀಟರ್ ಅಗಲದ ಗೆರೆಯಲ್ಲಿ.

ಆದ್ದರಿಂದ ಫೋಟೊದಲ್ಲಿ ಮೊದಲು ಹುಡುಕಬೇಕಾದ್ದು ಒಂದು ಮೆಟ್ಟಿಲು. ಹೊರಗಿನ ಒಳ್ಳೆಯ ಚರ್ಮದಿಂದ ಕಲೆಯ ಕಡೆಗೆ ಕಣ್ಣು ಸರಿಸುತ್ತ ಬನ್ನಿ. ಹುಳುಕಡ್ಡಿಯಾದರೆ ಒಂದು ನಿರ್ದಿಷ್ಟ ಜಾಗದಲ್ಲಿ ಚರ್ಮ ಏಕಾಏಕಿ ಉಬ್ಬುತ್ತದೆ. ಇಲ್ಲಿಯವರೆಗೆ ಚೆನ್ನಾಗಿತ್ತು, ಇಲ್ಲಿಂದ ಕೆಟ್ಟಿದೆ ಎಂದು ಪೆನ್ನಿನಲ್ಲಿ ಗೆರೆ ಎಳೆಯಬಹುದು. ಆ ಗೆರೆ ಪೂರ್ತಿ ನುಣುಪಾಗಿರುವುದೂ ಇಲ್ಲ. ಹತ್ತಿರದಿಂದ ನೋಡಿದರೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದರ ಪಕ್ಕ ಒಂದು ಕೂತು ಗೆರೆಯಾದಂತಿರುತ್ತದೆ, ಕೆಲವೆಡೆ ಸಣ್ಣ ಕೀವುಗುಳ್ಳೆಯೂ ಇರಬಹುದು. ಬಣ್ಣದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಪುಸ್ತಕಗಳಲ್ಲಿ ಬರುವ ‘ಕೆಂಪು ಉಂಗುರ’ ಬಹುಮಟ್ಟಿಗೆ ಬಿಳಿ ಚರ್ಮದ ಚಿತ್ರ. ನಮ್ಮ ಗೋಧಿ ಬಣ್ಣ, ಕಪ್ಪು ಬಣ್ಣಗಳ ಮೇಲೆ ಅದು ಕಂದು, ನೇರಳೆ ಮಿಶ್ರಿತ ಕಂದು ಅಥವಾ ಬೂದುಗಪ್ಪಾಗಿ ಕಾಣುತ್ತದೆ. ‘ಕೆಂಪಿಲ್ಲ, ಹಾಗಾದರೆ ಹುಳುಕಡ್ಡಿ ಅಲ್ಲ’ ಎಂದು ತಳ್ಳಿಹಾಕಿದ ಎಷ್ಟೋ ಕಲೆಗಳು ಹುಳುಕಡ್ಡಿಯೇ. ಬಣ್ಣವನ್ನು ಬದಿಗಿಟ್ಟು ಉಬ್ಬನ್ನು ನೋಡುವುದು ನಮ್ಮ ಚರ್ಮಕ್ಕೆ ಹೆಚ್ಚು ನಂಬಿಕಸ್ಥ ದಾರಿ.

ಇಸಬಿನಲ್ಲಿ ಹೀಗೆ ಹೊರಗಿನಿಂದ ಒಳನುಗ್ಗುತ್ತಿರುವ ಜೀವಿ ಯಾವುದೂ ಇಲ್ಲ. ಅದು ಚರ್ಮ ತಾನೇ ಕೆರಳಿದ ಸ್ಥಿತಿ: ಒಣಗಿ, ರಕ್ಷಣೆಯ ಪದರ ಸಡಿಲಾಗಿ, ಸೋಪೋ ಲೋಹವೋ ಬೆವರೋ ತಾಗಿ ಉರಿಯೂತ ಏಳುತ್ತದೆ. ಮುನ್ನುಗ್ಗುವ ಗೆರೆ ಇಲ್ಲದ ಕಾರಣ ಅಂಚೂ ಸಾಮಾನ್ಯವಾಗಿ ಮಸುಕು. ಕಲೆ ಎಲ್ಲಿ ಮುಗಿಯಿತು, ಒಳ್ಳೆಯ ಚರ್ಮ ಎಲ್ಲಿ ಶುರುವಾಯಿತು ಎಂದು ಹೇಳಲಾಗದಂತೆ ಕರಗಿಹೋಗುತ್ತದೆ. ಮೊಣಕೈ ಒಳಮಡಿಕೆ, ಮಂಡಿಯ ಹಿಂಭಾಗದ ಮಡಿಕೆಗಳಲ್ಲಿ, ಎರಡೂ ಬದಿ ಸರಿಸುಮಾರು ಒಂದೇ ಥರ ಬರುವ ಮಕ್ಕಳ ಇಸಬನ್ನು ಹುಳುಕಡ್ಡಿ ಎಂದು ತಪ್ಪು ತಿಳಿಯುವವರು ಕಡಿಮೆ. ತೊಂದರೆ ಕೊಡುವುದು ನಾಣ್ಯದಾಕಾರದ ಇಸಬು. ಮೀನಖಂಡದ ಮೇಲೆ, ಮುಂಗೈ ಮೇಲೆ ಐದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ, ಅಚ್ಚು ಹೊಡೆದಂತೆ ದುಂಡಗೆ, ಅಂಚೂ ಸಾಕಷ್ಟು ಸ್ಪಷ್ಟವಾಗಿ ಬರುತ್ತದೆ. ‘ಅಂಚು ಸ್ಪಷ್ಟವಿದೆ, ದುಂಡಗೂ ಇದೆ, ಇನ್ನೇನು ಬೇಕು?’ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಆಕ್ಷೇಪವೇ. ಉತ್ತರ ಅಂಚು ಮತ್ತು ನಡುಭಾಗವನ್ನು ಹೋಲಿಸುವುದರಲ್ಲಿದೆ. ನಾಣ್ಯದ ಇಸಬಿನಲ್ಲಿ ಅಂಚಿನಲ್ಲಿ ಏನಿದೆಯೋ ನಡುವೆಯೂ ಅದೇ ಇರುತ್ತದೆ: ಅದೇ ದಪ್ಪ, ಅದೇ ಬಣ್ಣ, ಅದೇ ಸಣ್ಣ ಸಣ್ಣ ನೀರುಗುಳ್ಳೆಗಳು, ಒಸರಿದ ನೀರು ಒಣಗಿ ಕಟ್ಟಿದ ಜೇನುಬಣ್ಣದ ಹಕ್ಕಳೆ. ಹುಳುಕಡ್ಡಿಯಲ್ಲಿ ಅಂಚು ಒಂದು ಥರ, ನಡು ಇನ್ನೊಂದು ಥರ. ಈ ಅಂತರ ಎಷ್ಟು ದೊಡ್ಡದೋ ಫಂಗಸ್ ಎನ್ನುವ ಅನುಮಾನ ಅಷ್ಟು ಬಲವಾಗುತ್ತದೆ.

ಹೊಟ್ಟು ಎರಡರಲ್ಲೂ ಉದುರುತ್ತದೆ, ಆದ್ದರಿಂದ ‘ಹೊಟ್ಟು ಇದೆಯೇ’ ಎಂಬ ಪ್ರಶ್ನೆಯಿಂದ ಏನೂ ಹೊರಡುವುದಿಲ್ಲ. ‘ಹೊಟ್ಟು ಎಲ್ಲಿದೆ’ ಎಂದು ಕೇಳಬೇಕು. ಹುಳುಕಡ್ಡಿಯ ಹೊಟ್ಟು ಒಣಗಿದ, ತೆಳುವಾದ, ಬೆಳ್ಳಗಿನ ಪುಡಿ, ಮತ್ತು ಅದು ಆ ಉಬ್ಬಿದ ಅಂಚಿನ ಮೇಲೆಯೇ ಕೂತಿರುತ್ತದೆ. ಫೋಟೊವನ್ನು ಹಿಗ್ಗಿಸಿ ನೋಡಿದರೆ ಉಂಗುರದ ಸುತ್ತ ಮುರಿದು ಮುರಿದು ಸಾಗುವ ಒಂದು ಬಿಳಿ ಗೆರೆ ಕಾಣುತ್ತದೆ. ಇಸಬಿನ ಹೊಟ್ಟು ಇಡೀ ಕಲೆಯ ಮೇಲೆ ಹರಡಿರುತ್ತದೆ, ಜೊತೆಗೆ ಉಗುರಿನ ಗೀರು, ಒಣಗಿದ ರಕ್ತದ ಚುಕ್ಕೆ, ಹಕ್ಕಳೆ ಎಲ್ಲ ಬೆರೆತಿರುತ್ತವೆ. ಹಳೆಯ ಇಸಬಾದರೆ ಚರ್ಮ ದಪ್ಪಗಾಗಿ, ಅದರ ಸಹಜ ಗೆರೆಗಳು ಆಳವಾಗಿ ಕೆತ್ತಿದಂತೆ ಎದ್ದು ಕಾಣುತ್ತವೆ. ಇದು ದೀರ್ಘಕಾಲ ತುರಿಸಿದ್ದರ ಗುರುತು. ಹೊಟ್ಟಿನ ಜಾಗ ನೋಡುವ ಅಭ್ಯಾಸ ಇನ್ನೊಂದು ಗೊಂದಲವನ್ನೂ ಬಿಡಿಸುತ್ತದೆ. ಪಿಟಿರಿಯಾಸಿಸ್ ರೋಸಿಯಾ ಎಂಬ ರೋಗದಲ್ಲಿ ಮೊದಲು ಎದೆ ಅಥವಾ ಬೆನ್ನಿನ ಮೇಲೆ ಒಂದು ದೊಡ್ಡ ಅಂಡಾಕಾರದ ಕಲೆ ಬರುತ್ತದೆ, ನೋಡಿದವರೆಲ್ಲ ಹುಳುಕಡ್ಡಿ ಎನ್ನುತ್ತಾರೆ. ಅಲ್ಲಿ ಹೊಟ್ಟಿನ ತೆಳು ಕಾಲರ್ ಅಂಚಿನ ಮೇಲಿರದೆ ಒಂದಿಷ್ಟು ಒಳಗಡೆ ಇರುತ್ತದೆ. ಒಂದೆರಡು ವಾರದಲ್ಲಿ ಮೈತುಂಬ ಸಣ್ಣ ಕಲೆಗಳು ಎದ್ದು, ಸಾಮಾನ್ಯವಾಗಿ ಆರೆಂಟು ವಾರಗಳಲ್ಲಿ ತಾನಾಗಿಯೇ ಹೋಗುತ್ತವೆ. ಆಗ ಹಚ್ಚುತ್ತಿದ್ದ ಮುಲಾಮಿಗೆ ಆ ಕೀರ್ತಿ ಸಲ್ಲುತ್ತದೆ ಎಂಬುದು ಬೇರೆ ಮಾತು.

ನಡುಭಾಗ ತಿಳಿಯಾಗುವುದನ್ನು ಜನ ಎಲ್ಲಕ್ಕಿಂತ ಹೆಚ್ಚು ನಂಬುತ್ತಾರೆ. ನನ್ನ ಮಟ್ಟಿಗೆ ಅಂಚು, ಹೊಟ್ಟು, ನಡುಭಾಗ ಈ ಮೂರರಲ್ಲಿ ಎಲ್ಲಕ್ಕಿಂತ ಕಡಿಮೆ ನಂಬಬೇಕಾದ ಲಕ್ಷಣ ಅದು. ಒಂದು, ಹೊಸ ಹುಳುಕಡ್ಡಿಯಲ್ಲಿ ನಡುಭಾಗ ಇನ್ನೂ ತಿಳಿಯಾಗಿರುವುದೇ ಇಲ್ಲ. ಸಣ್ಣ ಕಲೆ ಪೂರ್ತಿ ಉಬ್ಬಿ ಹೊಟ್ಟು ಕಟ್ಟಿಕೊಂಡು, ಥೇಟ್ ನಾಣ್ಯದ ಇಸಬಿನಂತೆಯೇ ಇರುತ್ತದೆ. ಎರಡು, ನಮ್ಮ ಚರ್ಮದಲ್ಲಿ ಉರಿಯೂತ ಇಳಿದ ಜಾಗ ಬೆಳ್ಳಗಾಗುವುದಿಲ್ಲ, ಕಪ್ಪಾಗುತ್ತದೆ. ಹಾಗಾಗಿ ಫೋಟೊದಲ್ಲಿ ನಡುಭಾಗವೇ ಹೆಚ್ಚು ರೋಗಗ್ರಸ್ತವೆಂಬಂತೆ ಕಾಣಬಹುದು. ‘ತಿಳಿ’ ಎಂದರೆ ಇಲ್ಲಿ ಬಣ್ಣ ತಿಳಿಯಾಗುವುದಲ್ಲ, ಮೇಲ್ಮೈ ಸಮತಟ್ಟಾಗಿ ಹೊಟ್ಟಿಲ್ಲದೆ ಇರುವುದು. ಮೂರು, ನಡು ತಿಳಿಯಾದ ಉಂಗುರಗಳೆಲ್ಲ ಹುಳುಕಡ್ಡಿಯಲ್ಲ. ಗ್ರಾನ್ಯುಲೋಮಾ ಆ್ಯನ್ಯುಲೇರ್ ಎಂಬ ತೊಂದರೆಯಲ್ಲಿ ಸೊಗಸಾದ ಉಬ್ಬು ಉಂಗುರ ಬರುತ್ತದೆ, ಆದರೆ ನುಣ್ಣಗೆ, ಒಂದು ಚೂರೂ ಹೊಟ್ಟಿಲ್ಲದೆ. ಇದಕ್ಕಿಂತ ಮುಖ್ಯವಾದದ್ದು ಕುಷ್ಠರೋಗ. ಅದರ ಕೆಲವು ಬಗೆಗಳಲ್ಲಿ ಅಂಚು ಉಬ್ಬಿ, ನಡು ಇಳಿದ ಕಲೆಗಳು ಬರುತ್ತವೆ, ಫೋಟೊದಲ್ಲಿ ಹುಳುಕಡ್ಡಿಯೆಂದು ಸುಲಭವಾಗಿ ನಂಬಿಸುತ್ತವೆ. ವ್ಯತ್ಯಾಸ ಕ್ಯಾಮೆರಾಗೆ ಸಿಗುವಂಥದ್ದಲ್ಲ: ತುರಿಕೆ ಇರುವುದಿಲ್ಲ, ಆ ಜಾಗ ಬೆವರುವುದಿಲ್ಲ, ಕಣ್ಣು ಮುಚ್ಚಿ ಹತ್ತಿಯ ಎಳೆ ಮುಟ್ಟಿಸಿದರೆ ಗೊತ್ತಾಗುವುದಿಲ್ಲ. ತುರಿಕೆಯೇ ಇಲ್ಲದ, ಸ್ಪರ್ಶ ಮಂಕಾದ ಉಂಗುರ ಕಂಡರೆ ಮುಲಾಮು ಹುಡುಕಬಾರದು, ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಅದು ಪೂರ್ತಿ ವಾಸಿಯಾಗುವ ರೋಗ, ಔಷಧಿ ಅಲ್ಲಿ ಉಚಿತ.

ಇಷ್ಟನ್ನೂ ಒಂದು ಉದಾಹರಣೆಯಲ್ಲಿ ಕೂಡಿಸಿ ನೋಡೋಣ. ಸೀರೆ ಉಡುವ ಹೆಂಗಸರಲ್ಲಿ ಲಂಗದ ಲಾಡಿ ಬಿಗಿಯುವ ಸೊಂಟದ ಜಾಗ ಎರಡೂ ರೋಗಗಳಿಗೆ ಮೆಚ್ಚಿನ ತಾಣ, ಬೆವರು ಮತ್ತು ಉಜ್ಜಾಟ ಎರಡೂ ಅಲ್ಲಿವೆ. ಅದೇ ಜಾಗದ ಎರಡು ಫೋಟೊ ಮುಂದಿವೆ ಎಂದುಕೊಳ್ಳಿ. ಮೊದಲನೆಯದರಲ್ಲಿ ಕಪ್ಪು ಪಟ್ಟಿಯೊಂದು ಲಾಡಿಯ ಗುಂಟ ಸೊಂಟ ಸುತ್ತಿದೆ. ಗಂಟು ಕೂರುವ ಬದಿಯಲ್ಲಿ ಹೆಚ್ಚು ದಪ್ಪ, ಹೆಚ್ಚು ಕಪ್ಪು. ಚರ್ಮದ ಗೆರೆಗಳು ಆಳವಾಗಿವೆ, ಮೇಲಕ್ಕೂ ಕೆಳಕ್ಕೂ ಪಟ್ಟಿ ಕ್ರಮೇಣ ಮಸುಕಾಗಿ ಕರಗುತ್ತದೆ, ಎಲ್ಲೂ ಮೆಟ್ಟಿಲಿಲ್ಲ. ಎರಡನೆಯದರಲ್ಲಿ ಬಲಬದಿಯಲ್ಲಿ ಮಾತ್ರ ಒಂದು ಕಲೆ, ಅಂಗೈಯಷ್ಟು ಅಗಲ. ಅದರ ಕೆಳಗಿನ ಅಂಚು ಲಾಡಿಯ ಗೆರೆಯನ್ನು ದಾಟಿ ಪಿರ್ರೆಯ ಮೇಲಕ್ಕೆ ಬಿಲ್ಲಿನಂತೆ ಬಾಗಿ ಹೋಗಿದೆ, ಮೇಲಿನ ಅಂಚು ಹೊಟ್ಟೆಯ ಕಡೆ ಇನ್ನೊಂದು ಬಿಲ್ಲಾಗಿದೆ. ಎರಡು ಬಿಲ್ಲುಗಳು ಕೂಡುವಲ್ಲಿ ಒಂದು ಚೂಪು ಕೋನವಿದೆ. ಎರಡು ಉಂಗುರಗಳು ಬೆಳೆಯುತ್ತ ಬಂದು ಒಂದಕ್ಕೊಂದು ಸೇರಿಕೊಂಡ ಗುರುತು ಅದು. ಅಂಚಿನ ಗುಂಟ ಸಣ್ಣ ಗುಳ್ಳೆ, ಮುರಿದ ಬಿಳಿ ಗೆರೆ. ನಡುಭಾಗ ಕಂದು, ಆದರೆ ಸಮತಟ್ಟು. ನಾಲ್ಕು ಬೆರಳು ಆಚೆ ಬಟಾಣಿಯಷ್ಟು ಹೊಸ ಉಂಗುರ.

ಮೊದಲನೆಯ ಕಲೆ ಲಾಡಿ ಹೇಳಿದಂತೆ ಕೇಳಿದೆ. ಉಜ್ಜಾಟವೋ, ಬಟ್ಟೆಯ ಬಣ್ಣವೋ ಕಾರಣವಾದ ಇಸಬಿನ ಸ್ವಭಾವ ಅದು. ಯಾವ ವಸ್ತು ತಾಗಿತೋ ಅದರ ಆಕಾರವನ್ನೇ ಕಲೆ ಪಡೆಯುತ್ತದೆ. ವಾಚಿನ ಪಟ್ಟಿ, ಜೀನ್ಸಿನ ಲೋಹದ ಗುಂಡಿ, ಹಣೆಯ ಬಿಂದಿಯ ಅಂಟು, ಚಪ್ಪಲಿಯ ಪಟ್ಟಿಗಳೆಲ್ಲ ಹೀಗೆಯೇ ತಮ್ಮ ಅಚ್ಚು ಒತ್ತುತ್ತವೆ. ಎರಡನೆಯ ಕಲೆ ಲಾಡಿಯನ್ನು ಲೆಕ್ಕಿಸಿಯೇ ಇಲ್ಲ, ತನ್ನದೇ ದಾರಿಯಲ್ಲಿ ಬೆಳೆದಿದೆ. ಅದರ ಜೊತೆ ಮನೆಯಲ್ಲಿ ಇನ್ನೊಬ್ಬರಿಗೆ ತೊಡೆಸಂದಿಯಲ್ಲಿ ನವೆ ಇದೆ, ಒಂದೇ ಟವೆಲ್ ಬಳಸುತ್ತಾರೆ ಎಂದು ಗೊತ್ತಾದರೆ ಹುಳುಕಡ್ಡಿ ಎಂಬ ತೀರ್ಮಾನದ ಹತ್ತಿರಕ್ಕೆ ಬಂದಂತಾಯಿತು. ಆದರೂ ಬಾಗಿಲು ಪೂರ್ತಿ ಮುಚ್ಚುವಂತಿಲ್ಲ: ಉಜ್ಜಿ ಕೆಟ್ಟ ಚರ್ಮದ ಮೇಲೆ ಫಂಗಸ್ ಬಂದು ಕೂರಬಹುದು, ಆಗ ಒಂದೇ ಸೊಂಟದಲ್ಲಿ ಎರಡೂ ಇರುತ್ತವೆ. ಮಸುಕು ಪಟ್ಟಿಯ ಒಂದು ಬದಿಯಲ್ಲಿ ಮಾತ್ರ ಚೂಪಾದ ಬಿಲ್ಲಂಚು ಕಂಡರೆ ಹಾಗೆಂದು ಅನುಮಾನಿಸಬೇಕು.

ಈಗ ಅದೇ ಎರಡನೆಯ ಕಲೆಗೆ ಮೂರು ವಾರ ಒಂದು ‘ಮಿಕ್ಸ್’ ಮುಲಾಮು ಹಚ್ಚಿದರೆಂದು ಇಟ್ಟುಕೊಳ್ಳಿ. ನಮ್ಮಲ್ಲಿ ಚೀಟಿಯಿಲ್ಲದೆ ಕೈಗೆ ಸಿಗುವ ಇಂಥ ಟ್ಯೂಬುಗಳಲ್ಲಿ ಫಂಗಸ್ ಔಷಧಿಯೊಂದು, ಬ್ಯಾಕ್ಟೀರಿಯಾಕ್ಕೊಂದು, ಇವುಗಳ ಜೊತೆ ಕ್ಲೊಬೆಟಾಸೊಲ್ ಅಥವಾ ಬೀಟಾಮೆಥಸೋನ್ ಎಂಬ ಸ್ಟೀರಾಯ್ಡ್ ಇರುತ್ತದೆ. ಕ್ಲೊಬೆಟಾಸೊಲ್ ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಅತಿ ಪ್ರಬಲವಾದವುಗಳ ಸಾಲಿನದು. ಹಚ್ಚಿದ ಒಂದೆರಡು ದಿನದಲ್ಲೇ ನವೆ ಹೋಗುತ್ತದೆ. ಆ ಸುಖವೇ ಅದರ ಮಾರಾಟದ ಗುಟ್ಟು. ಆದರೆ ನವೆ ಹೋಗಿದ್ದು ದೇಹದ ಉರಿಯೂತ ಅಡಗಿದ್ದರಿಂದ, ಮತ್ತು ಅಂಚನ್ನು ಕಟ್ಟುತ್ತಿದ್ದದ್ದು ಅದೇ ಉರಿಯೂತ. ಉಬ್ಬು ಇಳಿಯುತ್ತದೆ, ಹೊಟ್ಟು ಮಾಯವಾಗುತ್ತದೆ, ಉಂಗುರ ಕಲಸಿಹೋಗುತ್ತದೆ. ಫಂಗಸ್ ಮಾತ್ರ ತಡೆಯಿಲ್ಲದೆ ಹರಡುತ್ತಿರುತ್ತದೆ. ಗುರುತು ಮರೆಸಿಕೊಂಡ ಈ ಹುಳುಕಡ್ಡಿಗೆ ‘ಟಿನಿಯಾ ಇನ್‌ಕಾಗ್ನಿಟೊ’ ಎಂಬ ಹೆಸರನ್ನು ಬ್ರಿಟನ್ನಿನ ಇಬ್ಬರು ವೈದ್ಯರು 1968ರಲ್ಲೇ ಕೊಟ್ಟಿದ್ದರು. ಮುಲಾಮು ನಿಲ್ಲಿಸಿದರೆ ಅಡಗಿದ್ದ ಉರಿಯೂತ ಮರಳಿ ಕೆರಳುತ್ತದೆ, ಮತ್ತೆ ಹಚ್ಚುತ್ತಾರೆ, ಮತ್ತೆ ಇಳಿಯುತ್ತದೆ. ಹೀಗೆ ಹಚ್ಚಿ ಬಿಟ್ಟು ಹಚ್ಚಿ ಬಿಟ್ಟು ಮಾಡಿದ ಚರ್ಮದ ಮೇಲೆ ಒಂದು ಉಂಗುರದೊಳಗೆ ಇನ್ನೊಂದು ಉಂಗುರ, ಅದರೊಳಗೆ ಮತ್ತೊಂದು ಎಂಬಂಥ ವಿಚಿತ್ರ ವಿನ್ಯಾಸ ಮೂಡುತ್ತದೆ. ನಮ್ಮ ದೇಶದ ಫೋಟೊಗಳಲ್ಲಿ ಉಂಗುರದೊಳಗೆ ಉಂಗುರ ಕಂಡರೆ, ಹಿಂದೆ ಸ್ಟೀರಾಯ್ಡ್ ಟ್ಯೂಬ್ ಇದೆ ಎಂದು ನಾನು ಮೊದಲು ಊಹಿಸುತ್ತೇನೆ. ತೊಡೆಸಂದಿಯಲ್ಲಾದರೆ ಬಸಿರಿನ ಗೆರೆಗಳನ್ನು ಹೋಲುವ ಅಗಲವಾದ ಸೀಳುಗೆರೆಗಳೂ ಸಾಕ್ಷಿ ಹೇಳುತ್ತವೆ. ಅವು ಮತ್ತೆ ಪೂರ್ತಿ ಮಾಸುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಪಟ್ಟಿ ಕಾಗದದ ಮೇಲಿದೆ, ಟ್ಯೂಬ್ ಕೌಂಟರಿನ ಮೇಲಿದೆ.

ಇಲ್ಲಿ ಬರುವ ಆಕ್ಷೇಪ ಸಹಜವಾದದ್ದು: ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಬದಲು ಎರಡಕ್ಕೂ ಆಗುವ ಮಿಕ್ಸ್ ಮುಲಾಮನ್ನೇ ಹಚ್ಚಿ, ವಾಸಿಯಾದರೆ ಸರಿ, ಇಲ್ಲದಿದ್ದರೆ ಡಾಕ್ಟರ್ ಇದ್ದಾರಲ್ಲ? ತೊಂದರೆಯೆಂದರೆ ಆ ಮುಲಾಮಿಗೆ ಮೊದಲ ವಾರ ಎರಡೂ ರೋಗ ಬಗ್ಗುತ್ತವೆ. ಇಸಬು ನಿಜವಾಗಿ ಇಳಿಯುತ್ತದೆ, ಹುಳುಕಡ್ಡಿ ಇಳಿದಂತೆ ನಟಿಸುತ್ತದೆ. ಆದ್ದರಿಂದ ‘ಹಚ್ಚಿದೆ, ಕಡಿಮೆಯಾಯಿತು’ ಎಂಬುದರಿಂದ ರೋಗ ಯಾವುದೆಂದು ತಿಳಿಯುವುದಿಲ್ಲ, ತಿಳಿಯಲು ಇದ್ದ ಸಾಕ್ಷ್ಯವೂ ಹಾಳಾಗುತ್ತದೆ. ಹಾಗಾದರೆ ಸ್ಟೀರಾಯ್ಡ್ ಇಲ್ಲದ, ಬರೀ ಫಂಗಸ್ ಮುಲಾಮನ್ನು ಹಚ್ಚಿ ನೋಡಬಹುದಲ್ಲ ಎಂದರೆ, ಅದು ಇದಕ್ಕಿಂತ ಎಷ್ಟೋ ವಾಸಿ. ತಪ್ಪಾದರೂ ಅದರಿಂದ ಆಗುವ ಕೇಡು ಸಣ್ಣದು: ಇಸಬು ಒಂದಿಷ್ಟು ದಿನ ಹಾಗೇ ಉಳಿಯಬಹುದು, ಸ್ವಲ್ಪ ಉರಿಯಬಹುದು. ಆದರೆ ಅದೂ ಪರೀಕ್ಷೆಯಲ್ಲ. ಇಸಬು ತಾನಾಗಿಯೇ ಏರಿ ಇಳಿಯುವ ರೋಗ, ಮುಲಾಮಿನ ಜಿಡ್ಡಿಗೇ ಅರ್ಧ ಸಮಾಧಾನವಾಗುವುದೂ ಉಂಟು. ಜೊತೆಗೆ ಹಾಗೆ ಹಚ್ಚಿಕೊಂಡು ಹೋದರೆ ವೈದ್ಯರು ಮಾಡುವ ಫಂಗಸ್ ಪರೀಕ್ಷೆಯಲ್ಲಿ ಫಂಗಸ್ ಇದ್ದೂ ಸಿಗದೆ ಹೋಗಬಹುದು.

ಆ ಪರೀಕ್ಷೆ ದೊಡ್ಡದೇನಲ್ಲ, ಅಂಚಿನ ಮಹತ್ವ ಅಲ್ಲಿಯೂ ಕಾಣುತ್ತದೆ. ಮೊಂಡು ಬ್ಲೇಡಿನಿಂದಲೋ ಗಾಜಿನ ಸ್ಲೈಡಿನ ಅಂಚಿನಿಂದಲೋ ಕಲೆಯ ಉಬ್ಬಿದ ಅಂಚನ್ನು ಮೆಲ್ಲಗೆ ಕೆರೆದು ಹೊಟ್ಟನ್ನು ಇನ್ನೊಂದು ಸ್ಲೈಡಿನ ಮೇಲೆ ಬೀಳಿಸುತ್ತಾರೆ. ನಡುಭಾಗದಿಂದ ಕೆರೆದರೆ ಫಂಗಸ್ ಸಿಗುವ ಸಾಧ್ಯತೆ ಕಡಿಮೆ. ಆ ಹೊಟ್ಟಿಗೆ ಶೇ 10ರಿಂದ 20ರಷ್ಟು ಸಾಂದ್ರತೆಯ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಹನಿ ಹಾಕಿ, ಚರ್ಮದ ಕೋಶಗಳು ಕರಗಿ ತಿಳಿಯಾಗಲು ಹತ್ತಿಪ್ಪತ್ತು ನಿಮಿಷ ಬಿಟ್ಟು, ಮೈಕ್ರೊಸ್ಕೋಪಿನಲ್ಲಿ ನೋಡುತ್ತಾರೆ. ಕೋಶಗಳ ಗೋಡೆಗಳನ್ನು ಅಡ್ಡ ದಾಟಿ ಹೋಗುವ, ಕವಲೊಡೆದ, ಗಿಣ್ಣುಗಳಿರುವ ಎಳೆಗಳು ಕಂಡರೆ ಫಂಗಸ್ ಖಚಿತ. ಕಾಣದಿದ್ದರೆ ಇಲ್ಲವೇ ಇಲ್ಲ ಎಂದಲ್ಲ. ಕೆರೆದ ಜಾಗ ತಪ್ಪಿರಬಹುದು, ಹೊಟ್ಟು ಸಾಲದಿರಬಹುದು. ಆಗ ಮರುದಿನ ಮತ್ತೆ ಕೆರೆಯಬಹುದು, ಅಥವಾ ಕಲ್ಚರ್‌ಗೆ ಕಳಿಸಬಹುದು, ಅದಕ್ಕೆ ವಾರಗಳೇ ಬೇಕು. ‘ಚರ್ಮವೈದ್ಯರು ಒಂದು ನೋಟದಲ್ಲಿ ಹೇಳಿಬಿಡುತ್ತಾರೆ, ಫೋಟೊ ನೋಡಿ ಯಾಕೆ ಹೇಳಬಾರದು?’ ಎನ್ನುವವರಿಗೂ ಇಲ್ಲೇ ಉತ್ತರವಿದೆ. ಅವರು ನೋಡುವುದು ಒಂದು ಕಲೆಯನ್ನಲ್ಲ. ಬೆಳಕು ಓರೆಯಾಗಿ ಬೀಳುವಂತೆ ತಿರುಗಿಸುತ್ತಾರೆ, ಬೆರಳಾಡಿಸಿ ಉಬ್ಬನ್ನು ಮುಟ್ಟಿ ನೋಡುತ್ತಾರೆ, ತೊಡೆಸಂದಿ, ಕಾಲ್ಬೆರಳ ಸಂದು, ಉಗುರುಗಳನ್ನೂ ತೋರಿಸಿ ಎನ್ನುತ್ತಾರೆ, ಯಾವ ಟ್ಯೂಬ್ ಹಚ್ಚಿದಿರಿ ಎಂದು ಕೇಳುತ್ತಾರೆ, ಅನುಮಾನವಿದ್ದರೆ ಕೆರೆದು ನೋಡುತ್ತಾರೆ.

ಫೋಟೊ ಕಳಿಸಲೇಬೇಕಾದ ಸಂದರ್ಭ ಇದ್ದೇ ಇರುತ್ತದೆ. ಚರ್ಮವೈದ್ಯರು ಎಲ್ಲ ತಾಲೂಕುಗಳಲ್ಲೂ ಕೂತಿಲ್ಲ. ಆಗ ಫೋಟೊದಲ್ಲಿ ಅಂಚು ಉಳಿಯುವಂತೆ ತೆಗೆಯಬೇಕು. ಎಣ್ಣೆ, ಪೌಡರ್, ಮುಲಾಮು ಯಾವುದೂ ಇರದ ಒಣ ಚರ್ಮ ಬೇಕು. ಸ್ನಾನ ಮಾಡಿ ಕೊಬ್ಬರಿ ಎಣ್ಣೆ ಸವರಿದ ಮೇಲೆ ತೆಗೆದ ಫೋಟೊದಲ್ಲಿ ಹೊಟ್ಟು ಪಾರದರ್ಶಕವಾಗಿ ಕಣ್ಣಿಗೇ ಬೀಳುವುದಿಲ್ಲ. ಫ್ಲ್ಯಾಶ್ ನೇರವಾಗಿ ಬಡಿದು ಉಬ್ಬುತಗ್ಗುಗಳನ್ನು ಚಪ್ಪಟೆ ಮಾಡುತ್ತದೆ. ಅದರ ಬದಲು ಕಿಟಕಿಯ ಪಕ್ಕ ನಿಂತು ಬೆಳಕು ಬದಿಯಿಂದ ಬೀಳುವಂತೆ ಮಾಡಿದರೆ ಎದ್ದ ಅಂಚಿಗೆ ಸಣ್ಣ ನೆರಳು ಬಂದು ಮೆಟ್ಟಿಲು ತಾನಾಗಿ ಕಾಣುತ್ತದೆ. ಫೋನನ್ನು ಚರ್ಮಕ್ಕೆ ಒತ್ತಿ ಹಿಡಿದರೆ ಫೋಕಸ್ ಕೂರುವುದಿಲ್ಲ, ಒಂದು ಗೇಣು ದೂರದಿಂದ ತೆಗೆದು ಆಮೇಲೆ ಹಿಗ್ಗಿಸುವುದು ಲೇಸು. ಮುಖ ನುಣುಪು ಮಾಡುವ ಬ್ಯೂಟಿ ಮೋಡ್ ಆನ್ ಇದ್ದರೆ ಅದು ಹೊಟ್ಟನ್ನೂ ಸಣ್ಣ ಗುಳ್ಳೆಗಳನ್ನೂ ಒರೆಸಿಬಿಡುತ್ತದೆ. ಒಂದು ಫೋಟೊ ದೂರದಿಂದ, ಮೈಯ ಯಾವ ಭಾಗ, ಎಷ್ಟು ಕಲೆ ಎಂದು ತಿಳಿಯುವಂತೆ; ಇನ್ನೊಂದು ಹತ್ತಿರದಿಂದ, ಅರ್ಧ ಕಲೆ ಅರ್ಧ ಒಳ್ಳೆಯ ಚರ್ಮ ಬರುವಂತೆ. ಮೂರನೆಯದು ಈವರೆಗೆ ಹಚ್ಚಿದ ಟ್ಯೂಬುಗಳದ್ದು, ಹಿಂಭಾಗದಲ್ಲಿ ಔಷಧಿಗಳ ಹೆಸರು ಓದಲು ಬರುವಂತೆ. ಕಲೆಯ ಎರಡು ಫೋಟೊಗಿಂತ ಈ ಮೂರನೆಯದೇ ಕೆಲವು ಸಲ ಹೆಚ್ಚು ಹೇಳುತ್ತದೆ.

ಹುಳುಕಡ್ಡಿ ಎಂದು ಖಚಿತವಾದ ಮೇಲೂ ಫೋಟೊ ಓದುವ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಈಚಿನ ವರ್ಷಗಳಲ್ಲಿ ಅದು ಬೇಗ ಬಗ್ಗುತ್ತಿಲ್ಲ. ಭಾರತದಲ್ಲಿ ವ್ಯಾಪಕವಾಗಿ ಹಬ್ಬಿದ, ಟರ್ಬಿನಫಿನ್ ಎಂಬ ಮುಖ್ಯ ಔಷಧಿಗೆ ಎಷ್ಟೋ ಸಲ ಜಗ್ಗದ ಫಂಗಸ್‌ಗೆ 2020ರಲ್ಲಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಪ್ರತ್ಯೇಕ ಹೆಸರೇ ಬಂತು. 2023ರಲ್ಲಿ ಅಮೆರಿಕದ ನ್ಯೂಯಾರ್ಕಿನಿಂದಲೂ ಅದು ವರದಿಯಾಯಿತು. ಹಿಂದೆ ಎರಡು ವಾರದಲ್ಲಿ ಮುಗಿಯುತ್ತಿದ್ದ ಚಿಕಿತ್ಸೆ ಈಗ ಒಂದೆರಡು ತಿಂಗಳು, ಕೆಲವರಲ್ಲಿ ಇನ್ನೂ ಹೆಚ್ಚು ಹಿಡಿಯುತ್ತದೆ. ಮುಲಾಮನ್ನು ಉಂಗುರದ ಮೇಲೆ ಮಾತ್ರವಲ್ಲ, ಅಂಚಿನಿಂದ ಎರಡು ಬೆರಳು ಆಚೆಯವರೆಗೂ ಹಚ್ಚಿ ಎನ್ನುವುದು ಫಂಗಸ್ ಕಣ್ಣಿಗೆ ಕಾಣುವ ಗೆರೆಗಿಂತ ಮುಂದೆ ಹೋಗಿರುತ್ತದೆ ಎಂಬ ಕಾರಣಕ್ಕೆ. ವಾಸಿಯಾದ ಜಾಗದಲ್ಲಿ ಕಂದು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ, ಅದನ್ನು ರೋಗವೆಂದೇ ತಿಳಿದು ಜನ ಮತ್ತೆ ಟ್ಯೂಬ್ ಹಿಡಿಯುತ್ತಾರೆ. ಬದಿಯ ಬೆಳಕಿನಲ್ಲಿ ನೋಡಿದಾಗ ಸುತ್ತ ಎಲ್ಲೂ ಉಬ್ಬಿಲ್ಲ, ಹೊಟ್ಟಿಲ್ಲ, ನವೆ ಇಲ್ಲ ಎಂದಾದರೆ ಅದು ಬರೀ ಬಣ್ಣ, ತಾನಾಗಿ ಮಾಸಲು ಬಿಡಬಹುದು. ವೈದ್ಯರು ಹೇಳಿದಷ್ಟು ದಿನ ಔಷಧಿ ಮುಗಿಸಿದ ಮೇಲೂ ಆ ಕಲೆಯ ಒಂದು ಬದಿಯಲ್ಲಿ ಬೆರಳಿಗೆ ತಾಗುವ ಸಣ್ಣ ತುಣುಕು ಅಂಚು ಉಳಿದಿದ್ದರೆ, ಕೆರೆದು ಪರೀಕ್ಷಿಸಬೇಕಾದ್ದು ಆ ತುಣುಕನ್ನೇ.